61 ಪುಟದ ಟೆಂಡರ್ 25ಕ್ಕೆ ಇಳಿಯಬೇಕು, ಕತ್ತರಿ ಎಲ್ಲಿಂದ ಹಾಕೋದು?

ಪ್ರಶ್ನೆ: ಸರ್, ಕುಶಾಲನಗರದಲ್ಲಿ ನಮ್ಮದು ಸೋಲಾರ್, ಯುಪಿಎಸ್ ರಿಪೇರಿಯ ಸಣ್ಣ ಸಂಸ್ಥೆ. ಜಿಲ್ಲೆಯ 36 ಕಡೆ ಇರುವ ಸೋಲಾರ್ ಸೆಟ್‌ಗಳನ್ನು 3 ವರ್ಷ ನೋಡಿಕೊಳ್ಳುವ ಟೆಂಡರ್‌ಗೆ ಹಾಕುತ್ತಿದ್ದೇವೆ. ಟೆಕ್ನಿಕಲ್ ಪ್ರಪೋಸಲ್ 25 ಪುಟ ಮೀರಬಾರದು ಅಂತಿದೆ, ನಮ್ಮದು 61 ಪುಟ ಆಗಿದೆ. ಪ್ರತಿ ಷರತ್ತಿಗೂ ಒಪ್ಪಿಗೆ ಬರೆಯುವ 48 ಸಾಲಿನ ಕಂಪ್ಲಯನ್ಸ್ ಶೀಟ್ ಬೇರೆ. ಮೂರು ಜನ ಹಂಚಿಕೊಂಡು ಬರೆದೆವು, ಈಗ ಓದಿದರೆ ಒಂದಕ್ಕೊಂದು ತಾಳೆ ಆಗುತ್ತಿಲ್ಲ. ಟೆಂಡರ್ ಬಗ್ಗೆ ಪ್ರಶ್ನೆ ಕೇಳುವ ಪ್ರೀ-ಬಿಡ್ ಸಭೆ ಮುಗಿದಿದೆ, 8 ದಿನ ಉಳಿದಿದೆ. ಡ್ರಾಫ್ಟ್ ಕಳಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಡ್ರಾಫ್ಟ್ ಪೂರ್ತಿ ಓದಿದೆ. ಮೊದಲ ದಿನ ಒಂದು ಸಾಲೂ ಅಳಿಸಬೇಡಿ. ಪುಟ ಕಡಿಮೆ ಮಾಡೋದು ಸುಲಭ, ಆದರೆ ಅವಸರದಲ್ಲಿ ಕತ್ತರಿಸಿದರೆ ನೀವು ಕೊಡದ ಮಾತನ್ನೂ ಕೊಟ್ಟ ಹಾಗಾಗುತ್ತದೆ.

ನಿಮ್ಮ ಡ್ರಾಫ್ಟಿನಲ್ಲೇ ನೋಡಿ. ಟೆಂಡರಿನ ಷರತ್ತು ಹೇಳೋದು, ದೂರು ಬಂದ 4 ಗಂಟೆಯೊಳಗೆ ತಂತ್ರಜ್ಞ ಸ್ಥಳದಲ್ಲಿರಬೇಕು, 24 ಗಂಟೆಯೊಳಗೆ ರಿಪೇರಿ ಆಗಬೇಕು. ಕಂಪ್ಲಯನ್ಸ್ ಶೀಟಿನ 12ನೇ ಸಾಲಿನಲ್ಲಿ ನೀವು ಒಪ್ಪಿದೆ ಅಂತ ಬರೆದಿದ್ದೀರಿ. 3ನೇ ಪುಟದ ಪರಿಚಯದಲ್ಲಿ ‘ಕರೆ ಬಂದ ತಕ್ಷಣ ಧಾವಿಸುತ್ತೇವೆ’ ಅಂತಿದೆ. 34ನೇ ಪುಟದಲ್ಲಿ ಯಾರೋ ಅನುಭವಸ್ಥರು, ಬಹುಶಃ ಫೀಲ್ಡಿಗೆ ಹೋಗುವವರೇ, ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಬಂದ್ ಆದರೆ ಮರುದಿನ ತಲುಪುತ್ತೇವೆ’ ಅಂತ ಸೇರಿಸಿದ್ದಾರೆ. ಒಂದೇ ಕೆಲಸಕ್ಕೆ ಮೂರು ಮಾತು. ಈಗ ಜಾಗ ಉಳಿಸೋಕೆ 34ನೇ ಪುಟ ಕಿತ್ತು ಹಾಕಿದರೆ ಕಾಗದದ ಮೇಲೆ ವಿರೋಧ ಹೋಗುತ್ತದೆ. ಆದರೆ ಜುಲೈ ತಿಂಗಳ ಮಳೆಯಲ್ಲಿ ಕುಶಾಲನಗರದಿಂದ ಕುಟ್ಟಕ್ಕೆ 4 ಗಂಟೆಯಲ್ಲಿ ಹೋಗುತ್ತೇವೆ ಅಂತ ನೀವು ಸಹಿ ಹಾಕಿದ ಹಾಗಾಯಿತು. ಹೋಗಲಿ ಅಂತ ಆ ಸಾಲು ಹಾಗೇ ಬಿಟ್ಟಿರಾ? ಆಗ ಮೌಲ್ಯಮಾಪನ ಮಾಡುವವರು ಅದನ್ನು ನೀವೇ ಷರತ್ತು ಹಾಕಿ ಕೊಟ್ಟ ಅರೆ ಒಪ್ಪಿಗೆ ಅಂತ ನೋಡುತ್ತಾರೆ. ಶೀಟಿನಲ್ಲಿ ಹೌದು ಅಂದು ಒಳಗೆಲ್ಲೋ ‘ಆದರೆ’ ಅಂದರೆ, ತುಂಬಾ ಟೆಂಡರ್‌ಗಳಲ್ಲಿ ಅದು ಡೀವಿಯೇಷನ್, ಅಂದರೆ ಷರತ್ತಿನಿಂದ ಸರಿದ ಹಾಗೆ, ಅದೊಂದೇ ಸಾಕು ಆಚೆ ಹಾಕೋಕೆ.

ಅದಕ್ಕೇ ಮೊದಲ ಕೆಲಸ, ಒಂದು ಹಾಳೆಯಲ್ಲಿ ಮಾತಿನ ಪಟ್ಟಿ. ನಾನು ಅದಕ್ಕೆ ಹಾಗೇ ಹೆಸರಿಟ್ಟಿದ್ದೇನೆ. 61 ಪುಟವನ್ನೂ 48 ಸಾಲನ್ನೂ ಓದುತ್ತಾ, ನೀವು ಕೊಟ್ಟ ಪ್ರತಿ ಭರವಸೆ, ಪ್ರತಿ ಸಂಖ್ಯೆ ಅಲ್ಲಿಗೆ ಇಳಿಸಿ. ಎಷ್ಟು ಜನ, ಎಷ್ಟು ಗಾಡಿ, ಎಷ್ಟು ಗಂಟೆ, ಬ್ಯಾಟರಿಗೆ ಎಷ್ಟು ತಿಂಗಳ ವಾರಂಟಿ, ವರ್ಷಕ್ಕೆ ಎಷ್ಟು ಸಲ ಸರ್ವಿಸ್, ರಿಪೋರ್ಟ್ ಯಾವತ್ತು. ಪಕ್ಕದಲ್ಲಿ ಅದು ಎಲ್ಲೆಲ್ಲಿ ಬಂದಿದೆ ಅಂತ ಪುಟದ ನಂಬರ್. ಇನ್ನೊಂದು ಪಕ್ಕದಲ್ಲಿ ಟೆಂಡರಿನ ಷರತ್ತಿನ ನಂಬರ್. ನಾನು ಲೆಕ್ಕ ಹಾಕಿದ ಮಟ್ಟಿಗೆ ನಿಮ್ಮದರಲ್ಲಿ ಇಪ್ಪತ್ತರ ಆಸುಪಾಸು ಬರುತ್ತದೆ, ಒಂದು ಸಂಜೆಯ ಕೆಲಸ. ಪಟ್ಟಿ ಆದಮೇಲೆ ಬರೆದ ಮೂವರೂ ಕೂತು ಚರ್ಚೆ ಮಾಡೋದು ಬೇಡ. ದಂಡ ಬಿದ್ದರೆ ಯಾರ ಜೇಬಿನಿಂದ ಹೋಗುತ್ತದೋ ಅವರು, ಅಂದರೆ ನೀವು, ಪ್ರತಿ ಸಾಲಿಗೂ ಒಂದೇ ಅಂಕಿ ತೀರ್ಮಾನ ಮಾಡಬೇಕು.

ತಂತ್ರಜ್ಞರ ಸಂಖ್ಯೆ ತಗೊಳ್ಳಿ. ಪರಿಚಯದಲ್ಲಿ 14, ತಂಡದ ಭಾಗದಲ್ಲಿ 12, ಬಯೋಡೇಟಾ ಎಣಿಸಿದರೆ 11. ಕಾರಣ ಊಹಿಸೋದು ಕಷ್ಟವಲ್ಲ. 14ರಲ್ಲಿ ಇಬ್ಬರು ಡ್ರೈವರ್‌ಗಳು ಸೇರಿದ್ದಾರೆ, 12ನೆಯವರು ಈಚೆಗೆ ಸೇರಿದ್ದಾರೆ, ಕಾಗದಪತ್ರ ಇನ್ನೂ ಕೊಟ್ಟಿಲ್ಲ. ಯಾರೂ ಸುಳ್ಳು ಬರೆದಿಲ್ಲ, ಆದರೂ ಓದುವವರಿಗೆ ಇದು ಬುರುಡೆ ಥರ ಕಾಣುತ್ತದೆ. ಟೆಂಡರ್ ಕೇಳಿದ್ದು ಕನಿಷ್ಠ 10 ಜನ. 11 ಅಂತ ಎಲ್ಲ ಕಡೆ ಬರೆಯಿರಿ, ಸಾಕು. 14 ಅಂದರೆ ಹೆಚ್ಚು ಅಂಕ ಬರಲ್ಲ, 11 ಅಂದರೆ ಕಳೆಯಲ್ಲ, ಬಯೋಡೇಟಾ ಇಲ್ಲದ ಒಬ್ಬರ ಬಗ್ಗೆ ಪ್ರಶ್ನೆಯೂ ಬರಲ್ಲ.

ಇನ್ನು ಆ 4 ಗಂಟೆ. ಪ್ರೀ-ಬಿಡ್‌ನಲ್ಲೇ ‘ಮಳೆಗಾಲದಲ್ಲಿ ಸಡಿಲಿಕೆ ಇದೆಯಾ’ ಅಂತ ಕೇಳಬೇಕಿತ್ತು. ಮುಗಿದುಹೋಗಿದೆ, ಇರಲಿ. ಬೇರೆ ಯಾರಾದರೂ ಕೇಳಿರಬಹುದು, ಪ್ರೀ-ಬಿಡ್ ಉತ್ತರಗಳನ್ನೂ ಆಮೇಲೆ ಟೆಂಡರಿಗೆ ಬಂದ ತಿದ್ದುಪಡಿಗಳನ್ನೂ, ಅಂದರೆ ಕಾರಿಜೆಂಡಂಗಳನ್ನೂ ಇವತ್ತೇ ತೆಗೆದು ನೋಡಿ. ಪ್ರಕೃತಿ ವಿಕೋಪದ ಷರತ್ತು ಟೆಂಡರಿನಲ್ಲಿದೆ, ಅದು ನಮ್ಮನ್ನು ಕಾಪಾಡುತ್ತದೆ ಅಂತ ನಿಮ್ಮಲ್ಲೊಬ್ಬರು ಮಾರ್ಜಿನ್‌ನಲ್ಲಿ ಬರೆದಿದ್ದಾರೆ. 2018ರ ಆಗಸ್ಟ್ ಥರ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಹೋದರೆ ಕಾಪಾಡಬಹುದು. ಆದರೆ ವರ್ಷಾ ವರ್ಷಾ ಬರುವ ಮಳೆಯನ್ನು ವಿಕೋಪ ಅಂತ ಯಾರೂ ಒಪ್ಪಲ್ಲ. ಕೊಡಗಿನಲ್ಲಿ ಕೆಲಸ ಮಾಡುವವರಿಗೆ ಮಳೆ ಗೊತ್ತಿರಬೇಕಲ್ಲ ಅಂತಾರೆ, ಅದು ನ್ಯಾಯವೂ ಹೌದು.

ಹಾಗಾಗಿ ನಿಮಗೆ ಉಳಿದಿರೋದು ಎರಡೇ ದಾರಿ. ಟೆಂಡರಿನಲ್ಲಿ ಡೀವಿಯೇಷನ್ ಫಾರ್ಮ್ ಇದ್ದು, ಬದಲಾವಣೆ ಕೇಳಿದರೂ ತಿರಸ್ಕರಿಸಲ್ಲ ಅಂತ ಸ್ಪಷ್ಟವಾಗಿದ್ದರೆ ಅಲ್ಲಿ ಬರೆಯಿರಿ, ಬೇರೆಲ್ಲೂ ಬೇಡ. ನಿಮ್ಮ ಟೆಂಡರಿನಲ್ಲಿ ಆ ಫಾರ್ಮ್ ನನಗೆ ಕಾಣಲಿಲ್ಲ. ಎರಡನೆಯದು, ‘ಆದರೆ’ಯನ್ನು ವ್ಯವಸ್ಥೆಯಾಗಿ ಮಾಡಿಬಿಡೋದು. ಮಳೆಗಾಲದ ನಾಲ್ಕು ತಿಂಗಳು ಇಬ್ಬರನ್ನು ಗೋಣಿಕೊಪ್ಪದಲ್ಲಿ, ಒಬ್ಬರನ್ನು ಭಾಗಮಂಡಲದಲ್ಲಿ ಇಡಿ. ಗೋಣಿಕೊಪ್ಪದವರು ಪೊನ್ನಂಪೇಟೆ, ಕುಟ್ಟದ ಕಡೆ ನೋಡಿಕೊಳ್ಳುತ್ತಾರೆ. ನಾಪೋಕ್ಲಿನಲ್ಲಿ ಒಬ್ಬರಿದ್ದರೆ ಭಾಗಮಂಡಲಕ್ಕೂ ಆಯಿತಲ್ಲ ಅಂತ ಅನಿಸಬಹುದು, ಆದರೆ ಕಾವೇರಿ ತುಂಬಿದಾಗ ನೀರು ಹತ್ತೋದೇ ಆ ನಡುವಿನ ರಸ್ತೆಯ ಮೇಲೆ. ನಾಪೋಕ್ಲನ್ನು ಮಡಿಕೇರಿ ಕಡೆ ನೋಡುವವರೇ ನೋಡಿಕೊಳ್ಳಲಿ. ಉಳಿದ 8 ಜನ ಕುಶಾಲನಗರದಲ್ಲೇ ಇದ್ದು ಸೋಮವಾರಪೇಟೆ, ಮಡಿಕೇರಿ, ವಿರಾಜಪೇಟೆ ಕಡೆ ನೋಡಲಿ. ಮೂರು ಪ್ಲಸ್ ಎಂಟು ಹನ್ನೊಂದು, ಲೆಕ್ಕ ಸರಿಹೋಯಿತು ನೋಡಿ.

ಈಗ 12ನೇ ಸಾಲಿಗೆ ಬರೋಣ. ನೀವು ಬರೆದದ್ದು ಇದು:

‘ನಮ್ಮ ಸಂಸ್ಥೆಯು ಗ್ರಾಹಕರ ತೃಪ್ತಿಗೆ ಸದಾ ಆದ್ಯತೆ ನೀಡುತ್ತಾ ಬಂದಿದ್ದು, ನುರಿತ ತಂತ್ರಜ್ಞರ ತಂಡವನ್ನು ಹೊಂದಿದೆ. ದೂರುಗಳಿಗೆ ಸ್ಪಂದಿಸಲು 24 ಗಂಟೆಯ ಸಹಾಯವಾಣಿ ಲಭ್ಯವಿದ್ದು, ಷರತ್ತಿನಲ್ಲಿ ತಿಳಿಸಿರುವ ಸಮಯದೊಳಗೆ ಸ್ಪಂದಿಸಲು ಎಲ್ಲ ಪ್ರಯತ್ನ ಮಾಡಲಾಗುವುದು. ಒಪ್ಪಿದೆ.’

ಕೊನೆಯ ಪದವೊಂದೇ ಉತ್ತರ. ಅದೂ ಕೊನೆಯಲ್ಲಿ ಬಂದಿದೆ. ಮೌಲ್ಯಮಾಪಕರ ಮುಂದೆ ಐದಾರು ಬಿಡ್ ಇರುತ್ತವೆ, ಪ್ರತಿಯೊಂದರಲ್ಲಿ 48 ಸಾಲು. ಅವರು ಹುಡುಕೋದು ಮೊದಲ ಪದವನ್ನು. ‘ಪ್ರಯತ್ನ ಮಾಡಲಾಗುವುದು’ ಅನ್ನೋದು ಒಪ್ಪಿಗೆಯಲ್ಲ, ನುಣುಚಿಕೊಳ್ಳೋದು. ಹಾಗೆ ಓದಿಸಿಕೊಂಡರೆ ಕೊನೆಯ ‘ಒಪ್ಪಿದೆ’ಗೂ ಬೆಲೆ ಹೋಗುತ್ತದೆ. ಇದನ್ನು ಹೀಗೆ ಮಾಡಿ:

‘ಹೌದು, ಪೂರ್ತಿ ಒಪ್ಪಿದೆ. 4 ಗಂಟೆಯೊಳಗೆ ತಂತ್ರಜ್ಞ ಸ್ಥಳದಲ್ಲಿ, 24 ಗಂಟೆಯೊಳಗೆ ರಿಪೇರಿ. ಜೂನ್–ಸೆಪ್ಟೆಂಬರ್‌ನಲ್ಲಿ ಗೋಣಿಕೊಪ್ಪ, ಭಾಗಮಂಡಲದಲ್ಲಿ ತಂತ್ರಜ್ಞರು ವಾಸ. ವಿವರ: ಪುಟ 19.’

ಮೊದಲು ಹೌದು ಅಥವಾ ಇಲ್ಲ. ಆಮೇಲೆ ಷರತ್ತಿನ ಮಾತನ್ನೇ, ಅದೇ ಅಂಕಿಯಲ್ಲಿ. ಆಮೇಲೆ ಅದು ಹೇಗೆ ಸಾಧ್ಯ ಅನ್ನೋ ಒಂದು ಸಂಗತಿ. ಕೊನೆಗೆ, ಇಳಿಸಿದ 25 ಪುಟದಲ್ಲಿ ಎಲ್ಲಿ ನೋಡಬೇಕು. ಷರತ್ತಿನಲ್ಲಿ ‘ಸ್ಥಳಕ್ಕೆ ತಲುಪುವುದು’ ಅಂತಿದ್ದರೆ ನೀವು ‘ಸ್ಪಂದಿಸುವುದು’ ಅಂತ ಬರೆಯಬೇಡಿ. ಫೋನ್ ಎತ್ತೋದೂ ಸ್ಪಂದನೆಯೇ, ಹಾಗಾಗಿ ಪದ ಬದಲಾದರೆ ಅರ್ಥವೂ ಬದಲಾಗುತ್ತದೆ. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರೆಯಬೇಡ ಅಂತ ಕಲಿಸಿದ್ದನ್ನು ಇಲ್ಲಿ ಮರೆತುಬಿಡಿ. ಎಲ್ಲ 48 ಸಾಲಿಗೂ ಇಷ್ಟು ಬೇಡ. ‘ಜಿಎಸ್‌ಟಿ ನೋಂದಣಿ ಇರಬೇಕು’ ಅನ್ನೋದಕ್ಕೆ ‘ಹೌದು. ಅನೆಕ್ಷರ್ 3’ ಅಂದರೆ ಮುಗಿಯಿತು. ನಿಮ್ಮ ಶೀಟಿನಲ್ಲಿ ವಿವರ ಬೇಕಾಗಿರೋದು ಹತ್ತು ಹನ್ನೆರಡು ಸಾಲಿಗೆ ಮಾತ್ರ.

ನಿಜವಾಗಿ ಆಗದ್ದಕ್ಕೆ ಹೌದು ಬರೆಯಬೇಡಿ, ಅದು ಬೇರೆ ಮಾತು. 31ನೇ ಸಾಲಿನಲ್ಲಿ ಕೆಲಸವನ್ನು ಬೇರೆಯವರಿಗೆ ಒಳಗುತ್ತಿಗೆ ಕೊಡುವ ಹಾಗಿಲ್ಲ ಅಂತಿದೆ, ನೀವು ಹೌದು ಅಂದಿದ್ದೀರಿ. 41ನೇ ಪುಟದಲ್ಲಿ ‘ವಿರಾಜಪೇಟೆಯ ನಮ್ಮ ಪಾಲುದಾರ ಸಂಸ್ಥೆಯ ನೆರವಿನಿಂದ’ ಅಂತ ಹೆಮ್ಮೆಯಿಂದ ಬರೆದಿದ್ದೀರಿ! ಆ ಪಾಲುದಾರರು ಈ ಕೆಲಸದಲ್ಲಿ ಇರುತ್ತಾರಾ ಇಲ್ವಾ, ಮೊದಲು ತೀರ್ಮಾನ ಮಾಡಿ. ಇಲ್ಲ ಅಂದರೆ ಆ ಪ್ಯಾರಾ ಪೂರ್ತಿ ಹೋಗಲಿ. ಇದ್ದಾರೆ ಅಂದರೆ 31ಕ್ಕೆ ಹೌದು ಅನ್ನೋಕೆ ಆಗಲ್ಲ.

ಈಗ ಪುಟದ ವಿಚಾರ. ನಿಮ್ಮ 61 ಪುಟ ಹೀಗೆ ಹಂಚಿಹೋಗಿದೆ: ಸಂಸ್ಥೆಯ ಪರಿಚಯ 9, ಹಿಂದಿನ ಕೆಲಸಗಳು 22, ಕೆಲಸ ಮಾಡುವ ವಿಧಾನ 8, ತಂಡ 14, ಬಿಡಿಭಾಗ ಮತ್ತು ಮಳೆಗಾಲದ ತಯಾರಿ 3, ಕಂಪನಿಗಳ ಬ್ರೋಷರ್ 5. ಟೆಂಡರಿನ ಅಂಕಗಳು ವಿಧಾನಕ್ಕೆ 40, ತಂಡಕ್ಕೆ 25, ಅನುಭವಕ್ಕೆ 20, ಬಿಡಿಭಾಗ-ಮಳೆಗಾಲಕ್ಕೆ 15. ಪಕ್ಕ ಪಕ್ಕ ಇಟ್ಟು ನೋಡಿ. 20 ಅಂಕದ ವಿಷಯಕ್ಕೆ 22 ಪುಟ, 40 ಅಂಕದ ವಿಷಯಕ್ಕೆ 8 ಪುಟ. ಪರಿಚಯಕ್ಕೆ ಅಂಕವೇ ಇಲ್ಲ, 9 ಪುಟ ತಿಂದಿದೆ. ಬರೆಯೋಕೆ ಯಾವುದು ಸುಲಭವೋ ಅದು ಉಬ್ಬಿದೆ, ಎಲ್ಲರದೂ ಹೀಗೇ ಆಗೋದು.

ನಾನಾದರೆ ವಿಧಾನಕ್ಕೆ 10, ತಂಡಕ್ಕೆ 6, ಅನುಭವಕ್ಕೆ 4, ಬಿಡಿಭಾಗ-ಮಳೆಗಾಲಕ್ಕೆ 4, ಮೊದಲ ಸಾರಾಂಶಕ್ಕೆ 1 ಅಂತ ಹಂಚುತ್ತೇನೆ. ಒಟ್ಟು 25. ಗಮನಿಸಿ, ಎರಡು ಭಾಗ ಚಿಕ್ಕದಾಗಿಲ್ಲ, ದೊಡ್ಡದಾಗಿವೆ. ಕಾಫಿ ಗಿಡಕ್ಕೆ ಕಪಾತು ಮಾಡುವಾಗ ಎಲ್ಲ ರೆಂಬೆಯನ್ನೂ ಅರ್ಧ ಅರ್ಧ ಕತ್ತರಿಸ್ತೀರಾ? ಪ್ರತಿ ಭಾಗದಿಂದ ಶೇ 60 ತೆಗೆದರಾಯಿತು ಅಂತ ಹೊರಟವರ ಬಿಡ್‌ಗಳನ್ನು ನಾನು ನೋಡಿದ್ದೇನೆ, ಎಲ್ಲವೂ ಅರೆಬರೆ, ಯಾವುದರಲ್ಲೂ ಹಿಡಿತ ಇರಲ್ಲ.

ಅನುಭವದ 22 ಪುಟ 4ಕ್ಕೆ ಹೇಗೆ ಇಳಿಯುತ್ತದೆ? ನೀವು 17 ಕೆಲಸ ಬರೆದಿದ್ದೀರಿ. ಟೆಂಡರ್ ಕೇಳಿದ್ದು ಕಳೆದ 5 ವರ್ಷದ, ಇದೇ ಥರದ ಕನಿಷ್ಠ 3 ಕೆಲಸ. ಅಂಥವು ನಿಮ್ಮಲ್ಲಿ 6 ಇವೆ. ಆ ಆರನ್ನು ಒಂದು ಪುಟದ ಕೋಷ್ಟಕದಲ್ಲಿ ಹಾಕಿ, ಅದರಲ್ಲಿ ಮೂರನ್ನು ಒಂದೊಂದು ಪುಟದಲ್ಲಿ ಬಿಡಿಸಿ ಹೇಳಿ. ಉಳಿದ 11 ಹೋಗಲಿ. ಮದುವೆ ಹಾಲ್‌ನ ಜನರೇಟರ್ ರಿಪೇರಿ ಚೆನ್ನಾಗಿಯೇ ಮಾಡಿರಬಹುದು, ಇಲ್ಲಿ ಅದಕ್ಕೆ ಕೆಲಸ ಇಲ್ಲ. ಬಿಡಿಸಿ ಹೇಳುವ ಮೂರರಲ್ಲೂ ಗುಣಗಾನ ಬೇಡ, ಏನಾಯಿತು ಅಂತ ಹೇಳಿ. ನಿಮ್ಮ 27ನೇ ಪುಟದಲ್ಲಿ ಒಂದು ಒಳ್ಳೆ ವಿಷಯ ಹುದುಗಿಹೋಗಿದೆ: ಮಳೆಗಾಲದಲ್ಲಿ ಬ್ಯಾಟರಿ ಟರ್ಮಿನಲ್‌ಗೆ ಹಸಿರು ಕಿಲುಬು ಹಿಡಿದು ಚಾರ್ಜ್ ಆಗದೆ ಇರೋದನ್ನು ಕಂಡು, ಮೇ ತಿಂಗಳಲ್ಲೇ ಎಲ್ಲ ಟರ್ಮಿನಲ್ ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಹಚ್ಚೋಕೆ ಶುರು ಮಾಡಿದ್ದು, ಆಮೇಲೆ ಜುಲೈ ತಿಂಗಳ ದೂರು ಇಳಿದಿದ್ದು. ಇದು ಮನವೊಲಿಸುವ ಮಾತು. ‘ಗುಣಮಟ್ಟದಲ್ಲಿ ರಾಜಿಯಿಲ್ಲದ ಸೇವೆ’ ಅನ್ನೋದು ಎಲ್ಲರ ಬಿಡ್‌ನಲ್ಲೂ ಇರುತ್ತದೆ, ನಿಮ್ಮ ಹೆಸರು ತೆಗೆದು ಪಕ್ಕದವರ ಹೆಸರು ಹಾಕಿದರೂ ಆ ಸಾಲು ನಿಲ್ಲುತ್ತದೆ. ಯಾವ ಸಾಲು ಹಾಗೆ ನಿಲ್ಲುತ್ತದೋ ಅದನ್ನು ಹೊಡೆದು ಹಾಕಿ. ಪರಿಚಯದ 9 ಪುಟದಲ್ಲಿ ಈ ಪರೀಕ್ಷೆ ಮಾಡಿ ನೋಡಿದೆ, ಅರ್ಧ ಪುಟ ಉಳಿಯಿತು. ಅದು ಸಾರಾಂಶದ ಪುಟಕ್ಕೆ ಸರಿಹೋಗುತ್ತದೆ.

ದೂರು ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಅನ್ನೋದನ್ನು ನಿಮ್ಮ ರಿಜಿಸ್ಟರ್‌ನಿಂದ ತೆಗೆದು ಹಾಕಿ. ರಿಜಿಸ್ಟರ್ ಇಲ್ಲ ಅಂದರೆ ಅಂಕಿ ಹಾಕಬೇಡಿ, ಅಂದಾಜು ಬರೆದರೆ ದಾಖಲೆ ಕೇಳಿದಾಗ ಸಿಕ್ಕಿಬೀಳುತ್ತೀರಿ.

ತಂಡದ 14 ಪುಟದಲ್ಲಿ 11 ಬಯೋಡೇಟಾಗಳೇ. ಅನೆಕ್ಷರ್‌ಗಳು 25 ಪುಟದ ಲೆಕ್ಕಕ್ಕೆ ಬರಲ್ಲ ಅಂತ ನಿಮ್ಮ ಟೆಂಡರಿನಲ್ಲಿ ಬರೆದಿದೆ, ಹಾಗಾಗಿ ಅವು ಅಲ್ಲಿಗೆ ಹೋಗಲಿ. ಒಳಗೆ ಒಂದು ಕೋಷ್ಟಕ, ಯಾರು ಯಾವ ಊರಲ್ಲಿ ಇರುತ್ತಾರೆ ಅನ್ನೋದು, ಮುಖ್ಯ ಇಬ್ಬರ ಬಗ್ಗೆ ಸ್ವಲ್ಪ ಜಾಸ್ತಿ. ಆದರೆ ಪುಟ ಉಳಿಸೋಕೆ ವಾದವನ್ನೇ ಅನೆಕ್ಷರ್‌ಗೆ ಸಾಗಿಸಬೇಡಿ. ಅಲ್ಲಿರೋದನ್ನು ದಾಖಲೆ ಅಂತ ತಿರುವಿ ನೋಡುತ್ತಾರೆ, ಅಂಕ ಕೊಡೋಕೆ ಓದಲ್ಲ. ಅಕ್ಷರ ಸಣ್ಣ ಮಾಡೋದು, ಅಂಚು ಕಡಿಮೆ ಮಾಡೋದು ಕೂಡ ಬೇಡ. ಅಕ್ಷರದ ಗಾತ್ರ 11 ಅಂತ ಟೆಂಡರ್ ಹೇಳಿದೆ, ಕೋಷ್ಟಕಕ್ಕೆ ವಿನಾಯಿತಿ ಕೊಟ್ಟಿಲ್ಲ. ನಿಮ್ಮವರು ಕೋಷ್ಟಕಗಳನ್ನು 8ರಲ್ಲಿ ತುಂಬಿದ್ದಾರೆ.

ಬ್ರೋಷರ್‌ಗಳ ಬಗ್ಗೆ ನನ್ನದೇ ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಬಿಡ್‌ನಲ್ಲಿ ಟ್ಯೂಬ್ಯುಲರ್ ಬ್ಯಾಟರಿಗೆ 36 ತಿಂಗಳ ವಾರಂಟಿ ಅಂತ ಬರೆದೆವು, ಟೆಂಡರ್ ಅಷ್ಟೇ ಕೇಳಿತ್ತು. ಚೆಂದ ಕಾಣಲಿ ಅಂತ ಬ್ಯಾಟರಿ ಕಂಪನಿಯ ಬ್ರೋಷರ್ ಹಿಂದೆ ಸೇರಿಸಿದೆ. ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 24 ತಿಂಗಳು ಅಂತ ಇತ್ತು, ನಾನು ನೋಡಲೇ ಇಲ್ಲ. ಗೆದ್ದೆವು. ನಮ್ಮ ಬಿಡ್ ಕರಾರಿನ ಭಾಗವಾಯಿತು. 30ನೇ ತಿಂಗಳಲ್ಲಿ 6 ಬ್ಯಾಟರಿ ಕೆಟ್ಟು ಕೂತವು. ಕಂಪನಿ 24 ಅಂತು, ಕೆಲಸ ಕೊಟ್ಟವರು 36 ಅಂದರು, ಆರನ್ನೂ ಕೈಯಿಂದ ಹಾಕಿಕೊಟ್ಟೆ. ಬಿಡ್ ಕಳಿಸುವ ಮುಂಚೆ ಆ ಮೂಲೆ ಓದಿದ್ದರೆ ಉಳಿದ 12 ತಿಂಗಳ ಖರ್ಚನ್ನು ದರದಲ್ಲೇ ಸೇರಿಸಬಹುದಿತ್ತು. ನಿಮ್ಮ 5 ಪುಟ ಬ್ರೋಷರ್ ತೆಗೆಯಿರಿ, ಆದರೆ ತೆಗೆಯುವ ಮುಂಚೆ ಓದಿ.

ಕತ್ತರಿಸಿ ಮುಗಿದಮೇಲೆ ಮಾತಿನ ಪಟ್ಟಿ ಮತ್ತೆ ಹೊರಗೆ ತೆಗೆಯಿರಿ. ಪ್ರತಿ ಅಂಕಿಯನ್ನೂ ಫೈಲಿನಲ್ಲಿ ಹುಡುಕಿ. 4 ಅಂತ ಹುಡುಕಿದರೆ ಸಾಲದು, ‘ನಾಲ್ಕು’ ಅಂತಲೂ ಹುಡುಕಿ, ‘ತಕ್ಷಣ’, ‘ಅದೇ ದಿನ’, ‘ಯಾವಾಗಲೂ’, ‘ಎಲ್ಲ’, ‘24×7’ ಅಂತಲೂ ಹುಡುಕಿ. ಅಂಕಿ ಇಲ್ಲದ ಈ ಪದಗಳೂ ಭರವಸೆಯೇ. 52ನೇ ಪುಟದಲ್ಲಿ ‘ಒಂದು ನಿಮಿಷವೂ ಕರೆಂಟ್ ಹೋಗದಂತೆ’ ಅಂತ ಬರೆದಿದ್ದೀರಿ, 24 ಗಂಟೆಯಲ್ಲಿ ರಿಪೇರಿ ಅನ್ನೋ ಮಾತಿನ ಜೊತೆ ಅದು ಹೇಗೆ ನಿಲ್ಲುತ್ತದೆ ಹೇಳಿ. ಮೂರು ಜನ ಬರೆದದ್ದರಿಂದ ಹೆಸರುಗಳೂ ಬೇರೆ ಬೇರೆ ಆಗಿವೆ. ಒಬ್ಬರು ‘ಸೈಟ್’ ಅಂದರೆ ಇನ್ನೊಬ್ಬರು ‘ಕೇಂದ್ರ’, ಮತ್ತೊಬ್ಬರು ‘ಘಟಕ’. 36 ಸೈಟ್, 36 ಕೇಂದ್ರ ಸರಿ, ಆದರೆ ‘72 ಘಟಕ’ ಅಂದರೆ ಏನು? ಒಂದೊಂದು ಕಡೆ ಎರಡು ಇನ್ವರ್ಟರ್ ಇದೆ ಅಂತ ಹುಡುಕಿದ ಮೇಲೆ ಗೊತ್ತಾಯಿತು. ಟೆಂಡರ್ ಯಾವ ಪದ ಬಳಸಿದೆಯೋ ಅದೇ ಇರಲಿ.

ಟೆಕ್ನಿಕಲ್ ಕವರ್ ಒಂದೇ ನೋಡಿದರೆ ಆಗಲ್ಲ, ದರದ ಕವರ್ ಜೊತೆಗೂ ತಾಳೆ ನೋಡಿ. ಗೋಣಿಕೊಪ್ಪ, ಭಾಗಮಂಡಲದ ರೂಮ್ ಬಾಡಿಗೆ, ಮೂವರ ಭತ್ಯೆ, ವರ್ಷಕ್ಕೆ ನಾಲ್ಕು ತಿಂಗಳಂತೆ 3 ವರ್ಷಕ್ಕೆ, ನಿಮ್ಮ ದರದಲ್ಲಿ ಇದೆಯಾ? ಡ್ರಾಫ್ಟಿನ ದರ ಹಾಕಿದಾಗ ಆ ಯೋಚನೆಯೇ ಇರಲಿಲ್ಲ, ಹಾಗಾಗಿ ಇರಲಾರದು. ಆದರೆ ಆ ಬಾಡಿಗೆಯ ಮೊತ್ತ 19ನೇ ಪುಟದಲ್ಲಿ ಅಪ್ಪಿತಪ್ಪಿಯೂ ಕಾಣಬಾರದು. ಟೆಕ್ನಿಕಲ್ ಕವರ್‌ನಲ್ಲಿ ದರದ ಸುಳಿವು ಸಿಕ್ಕರೆ ತಿರಸ್ಕಾರ ಅಂತ ನಿಮ್ಮ ಟೆಂಡರಿನಲ್ಲೇ ಇದೆ. 58ನೇ ಪುಟದಲ್ಲಿ ‘ತಿಂಗಳಿಗೆ ಕೇವಲ’ ಅಂತ ಶುರುವಾಗುವ ಸಾಲೊಂದಿದೆ, ಅದನ್ನು ಮಾತ್ರ ಈಗಲೇ ಅಳಿಸಿ, ನಾನು ಮೊದಲು ಹೇಳಿದ ಮಾತಿಗೆ ಅದೊಂದು ಅಪವಾದ.

ಕೊನೆಯ ಓದು ಬರೆದ ಮೂವರಲ್ಲಿ ಯಾರೂ ಮಾಡಬೇಡಿ. ಮನೆಯಲ್ಲಿ ಲೆಕ್ಕ ನೋಡುವವರು, ಇಲ್ಲ ಅಂಗಡಿಯ ಬಿಲ್ ಬರೆಯುವವರು ಇದ್ದರೆ ಕೊಡಿ. ಒಂದು ಕೈಯಲ್ಲಿ ಟೆಂಡರ್, ಇನ್ನೊಂದು ಕೈಯಲ್ಲಿ ಪ್ರಿಂಟ್. ಶೀಟಿನಲ್ಲಿ ‘ಪುಟ 19’ ಅಂತ ಇರುವ ಕಡೆಯೆಲ್ಲ ನಿಜವಾಗಿ ತಿರುವಿ ನೋಡಲಿ, ಕತ್ತರಿಸಿದ ಮೇಲೆ ಪುಟದ ನಂಬರ್‌ಗಳು ಜಾರಿರುತ್ತವೆ. ಎಣಿಸೋದು ಪಿಡಿಎಫ್‌ನ ಪುಟ, ವರ್ಡ್ ಫೈಲಿನದ್ದಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಭಾಗ ಯೂನಿಕೋಡ್‌ಗೆ ತಂದಾಗ ಸಾಲು ಉದ್ದ ಆಗಿ 25 ಇದ್ದದ್ದು 26 ಆಗಬಹುದು.

ಅಪ್‌ಲೋಡ್ 7ನೇ ದಿನವೇ ಮಾಡಿ. ಕೊನೆಯ ದಿನ ಮಧ್ಯಾಹ್ನ ಮಳೆ ಹೊಡೆದು ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗೋದು ನಿಮಗೆ ನಾನು ಹೇಳಬೇಕಾಗಿಲ್ಲ. ಭಾಗಮಂಡಲದಲ್ಲಿ ರೂಮ್ ಸಿಗುತ್ತಾ ಅಂತ ಮಾತ್ರ ನಾಳೆಯೇ ಫೋನ್ ಮಾಡಿ ಕೇಳಿಕೊಳ್ಳಿ, ಅದು ಸಿಗಲ್ಲ ಅಂದರೆ 12ನೇ ಸಾಲು, 19ನೇ ಪುಟ, ತಂಡದ ಕೋಷ್ಟಕ, ದರ, ನಾಲ್ಕನ್ನೂ ಮತ್ತೆ ಮುಟ್ಟಬೇಕಾಗುತ್ತದೆ.